ದಿನಾಂಕಗಳ ಸಾಲು: ಸಣ್ಣ ಕಂಪನಿಯ ಒಂದು ವರ್ಷ



ಅಕ್ಟೋಬರ್ ಬಂತೆಂದರೆ ಕಂಪನಿ ಕಾರ್ಯದರ್ಶಿ ವೃತ್ತಿಯಲ್ಲಿರುವ ನಮ್ಮಂಥವರಿಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ: "ಸಾರ್, ನಮ್ಮದು ಆರ್‌ಒಸಿ ಫೈಲಿಂಗ್ ಆಯ್ತಾ?" ನಾನು ಅವರನ್ನು ತಿರುಗಿ ಕೇಳುತ್ತೇನೆ: "ನಿಮ್ಮ ವಾರ್ಷಿಕ ಸಭೆ ಯಾವತ್ತು ನಡೀತು?" ಬಹಳ ಜನ ಕೊಡುವ ಉತ್ತರ, "ಅದಕ್ಕೇನು, ನೀವೇ ಒಂದು ಡೇಟ್ ಹಾಕ್ಕೊಳ್ಳಿ."

ಇಂದಿನ ಉಪನ್ಯಾಸ ಈ ಉತ್ತರದ ಬಗ್ಗೆ. ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಗಳ ವಾರ್ಷಿಕ ತಾಪತ್ರಯಗಳಲ್ಲಿ ಬಹುಪಾಲು ಶುರುವಾಗುವುದು ಫಾರಂ ತುಂಬುವಾಗ ಅಲ್ಲ. ಆಗಬೇಕಾದ ಕೆಲಸ ಆಗಬೇಕಾದ ದಿನ ಆಗದೆ, ಕಡೆಗೆ ಫಾರಮಿಗೆ ಬೇಕೆಂದು ಹಿಂದಕ್ಕೆ ಹೋಗಿ ದಿನಾಂಕ ಜೋಡಿಸುವಾಗ. ರಿಜಿಸ್ಟ್ರಾರರಿಗೆ ಕಳಿಸುವ ಫಾರಂ ಕಂಪನಿಯೊಳಗೆ ನಡೆದದ್ದರ ನಕಲು ಮಾತ್ರ. ಮೂಲ ಇರಬೇಕಾದದ್ದು ನಿಮ್ಮ ನೋಂದಾಯಿತ ಕಚೇರಿಯಲ್ಲಿ, ಸದಸ್ಯರ ರಿಜಿಸ್ಟರಿನಲ್ಲಿ ಮತ್ತು ನಡಾವಳಿ ಪುಸ್ತಕದಲ್ಲಿ. ಮೂಲವೇ ಇಲ್ಲದ ನಕಲಿಗೆ ಸಹಿ ಹಾಕುವವರು ನೀವು. ನಾನಾಗಲಿ ನಿಮ್ಮ ಆಡಿಟರ್ ಆಗಲಿ ಅಲ್ಲ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಯಶವಂತಪುರದಲ್ಲಿ ಬಾಡಿಗೆ ಷೆಡ್, ನಾಲ್ಕಾರು ಯಂತ್ರಗಳು. ಪ್ಯಾಕಿಂಗ್ ಯಂತ್ರಗಳ ಬಿಡಿಭಾಗ ಮಾಡಿಕೊಡುವ ಕೆಲಸ. ನೋಂದಾಯಿತ ಕಚೇರಿ ಆರ್.ಟಿ. ನಗರದ ಮನೆ. ಅಣ್ಣ, ತಂಗಿ ಇಬ್ಬರೇ ನಿರ್ದೇಶಕರು. ತಂಗಿ ಮದುವೆಯಾಗಿ ಮೈಸೂರಿನಲ್ಲಿದ್ದಾಳೆ. ಪಾವತಿಯಾದ ಬಂಡವಾಳ 10 ಲಕ್ಷ ರೂಪಾಯಿ, ಅಂದರೆ 10 ರೂಪಾಯಿಯ 1 ಲಕ್ಷ ಷೇರು. ಅಣ್ಣನ ಹೆಸರಿನಲ್ಲಿ 50,000, ತಂಗಿಯ ಹೆಸರಿನಲ್ಲಿ 30,000, ತಂದೆಯ ಹೆಸರಿನಲ್ಲಿ 20,000. ತಂದೆ 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ವರ್ಷದ ವಹಿವಾಟು ಸುಮಾರು 3 ಕೋಟಿ. 2024ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಕೆಲಸವನ್ನು ಈ ಕಂಪನಿ ಹೇಗೆ ಮುಗಿಸಬೇಕಿತ್ತು ಎಂದು ನೋಡೋಣ.

2013ರ ಕಂಪನಿ ಕಾಯ್ದೆಯ ಲೆಕ್ಕದಲ್ಲಿ ಇದು 'ಸಣ್ಣ ಕಂಪನಿ'. ಈ ವರ್ಗಕ್ಕೆ ಆ ವರ್ಷ ಇದ್ದ ಮಿತಿ, 2022ರ ಸೆಪ್ಟೆಂಬರಿನಲ್ಲಿ ಏರಿಸಿದ್ದು, 4 ಕೋಟಿ ಬಂಡವಾಳ, 40 ಕೋಟಿ ವಹಿವಾಟು. ಎರಡೂ ಮಿತಿಯೊಳಗೇ ಇರಬೇಕು. ಇನ್ನೊಂದು ಕಂಪನಿಯ ಅಂಗಸಂಸ್ಥೆಯಾಗಿದ್ದರೆ ಎಷ್ಟೇ ಚಿಕ್ಕದಾಗಿರಲಿ ಈ ವರ್ಗಕ್ಕೆ ಸೇರುವುದಿಲ್ಲ. ಸೇರಿದರೆ ಕೆಲವು ರಿಯಾಯಿತಿಗಳುಂಟು. ಆದರೆ ಆಡಿಟ್‌ಗೆ ರಿಯಾಯಿತಿಯಿಲ್ಲ. ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಕಂಪನಿಗೆ ಆಡಿಟ್ ಕಡ್ಡಾಯ. ಪಾಲುದಾರಿಕೆ ಸಂಸ್ಥೆಯಿಂದ ಕಂಪನಿಗೆ ಬದಲಾದ ನಮ್ಮ ಭಾಗದ ಅನೇಕರು ಇದನ್ನು ತಡವಾಗಿ ತಿಳಿಯುತ್ತಾರೆ.

ಮೊದಲು ರಿಜಿಸ್ಟರುಗಳ ಮಾತು. ಕಾಯ್ದೆ ಹಲವು ರಿಜಿಸ್ಟರುಗಳನ್ನು ಕೇಳುತ್ತದೆ: ಸಾಲದ ಅಡಮಾನಗಳದ್ದು, ನಿರ್ದೇಶಕರದ್ದು, ನಿರ್ದೇಶಕರಿಗೆ ಹಿತಾಸಕ್ತಿಯಿರುವ ಒಪ್ಪಂದಗಳದ್ದು. ಬ್ಯಾಂಕ್ ಸಾಲವಿದ್ದರೆ ಅಡಮಾನದ ರಿಜಿಸ್ಟರನ್ನು ಬ್ಯಾಂಕಿನವರೇ ಕೇಳಿ ನೋಡುತ್ತಾರೆ, ಹಾಗಾಗಿ ಅದು ಹೇಗೋ ನಡೆದುಹೋಗುತ್ತದೆ. ಯಾರೂ ಕೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಪುಸ್ತಕ ಸದಸ್ಯರ ರಿಜಿಸ್ಟರು, ಅಂದರೆ ಎಂಜಿಟಿ-1. ಕಂಪನಿಯ ಒಡೆಯರು ಯಾರು ಎಂಬುದಕ್ಕೆ ಮೊದಲ ಸಾಕ್ಷಿ ಅದೇ. ಷೇರು ಹಂಚಿಕೆಗಾಗಲಿ ವರ್ಗಾವಣೆಗಾಗಲಿ ಮಂಡಳಿ ಒಪ್ಪಿದ 7 ದಿನದೊಳಗೆ ಅದರಲ್ಲಿ ನಮೂದಾಗಬೇಕು, ಮತ್ತು ಪುಸ್ತಕವನ್ನು ಶಾಶ್ವತವಾಗಿ ಕಾಪಾಡಬೇಕು.

ನಮ್ಮ ಕಂಪನಿಯಲ್ಲಿ ತಂದೆಯ 20,000 ಷೇರುಗಳ ಪ್ರಶ್ನೆ ಇದೆಯಲ್ಲ, ಅಲ್ಲಿಗೆ ಬರೋಣ. ಸಾಮಾನ್ಯವಾಗಿ ಮನೆಯವರು ಮಾಡುವುದೇನು? ಮನೆ, ಸೈಟಿನ ಖಾತೆ ಬದಲಾಯಿಸಲು ಓಡಾಡುತ್ತಾರೆ, ಬ್ಯಾಂಕಿನ ಖಾತೆ ಮುಚ್ಚುತ್ತಾರೆ. ಕಂಪನಿಯ ಷೇರನ್ನು ಮರೆಯುತ್ತಾರೆ, ಏಕೆಂದರೆ ಕಂಪನಿ ತಮ್ಮದೇ. ಹೀಗೆ ವರ್ಷವರ್ಷವೂ ಷೇರುದಾರರ ಪಟ್ಟಿಯಲ್ಲಿ ತೀರಿಹೋದವರ ಹೆಸರು ಹಾಗೆಯೇ ಹೋಗುತ್ತಿರುತ್ತದೆ. ಒಂದು ದಿನ ಷೆಡ್ಡಿನ ವ್ಯವಹಾರವನ್ನು ಕೊಳ್ಳಲು ಯಾರೋ ಬಂದಾಗ, ಅಥವಾ ಅಣ್ಣ-ತಂಗಿಯ ನಡುವೆ ಮನಸ್ತಾಪ ಬಂದಾಗ, ಆ 20 ಪ್ರತಿಶತ ಯಾರದು ಎಂಬ ಪ್ರಶ್ನೆ ಏಳುತ್ತದೆ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ತಂದೆ ಬದುಕಿರುವಾಗಲೇ ಎಸ್‌ಎಚ್-13 ಎಂಬ ನಾಮನಿರ್ದೇಶನ ಪತ್ರವನ್ನು ಕಂಪನಿಗೆ ಕೊಟ್ಟಿದ್ದರೆ ದಾರಿ ಇನ್ನೂ ಸಲೀಸು. ಕೊಟ್ಟಿಲ್ಲವೆಂದರೆ ವಾರಸುದಾರರು ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಮೂಲ ಷೇರು ಪ್ರಮಾಣಪತ್ರ ಇಷ್ಟನ್ನು ಸೇರಿಸಿ ಕಂಪನಿಗೆ ಅರ್ಜಿ ಕೊಡಬೇಕು. ಮನೆಯವರಲ್ಲಿ ತಕರಾರಿದ್ದರೆ ಇಷ್ಟು ಸಾಲದು. ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗುತ್ತದೆ. ಕಂಪನಿಯ ನಿಯಮಾವಳಿ ಏನು ಪುರಾವೆ ಕೇಳುತ್ತದೆ ಎಂಬುದನ್ನು ಮೊದಲು ಓದಿಕೊಳ್ಳಬೇಕು. ಇದು ಮಾರಾಟವಲ್ಲ, ವಾರಸಿನಿಂದ ಬಂದದ್ದು. ಆದ್ದರಿಂದ ಎಸ್‌ಎಚ್-4 ವರ್ಗಾವಣೆ ಪತ್ರವೂ ಬೇಡ, ಸ್ಟಾಂಪ್ ಶುಲ್ಕವೂ ಇಲ್ಲ. ನಮ್ಮ ಕಥೆಯಲ್ಲಿ ಮಕ್ಕಳಿಬ್ಬರೂ ತಾಯಿಯ ಹೆಸರಿಗೆ ಆಗಲಿ ಎಂದು ಒಪ್ಪಿ ಏಪ್ರಿಲ್ ಕೊನೆಯಲ್ಲಿ ಅರ್ಜಿ ಕೊಡಿಸಿದರು ಎನ್ನೋಣ. 2024ರ ಮೇ 22ರ ಮಂಡಳಿ ಸಭೆ ಅದನ್ನು ಒಪ್ಪಿತು. 29ರೊಳಗೆ ರಿಜಿಸ್ಟರಿನಲ್ಲಿ ನಮೂದು. ಅರ್ಜಿ ಬಂದ ಒಂದು ತಿಂಗಳೊಳಗೆ ತಾಯಿಯ ಕೈಗೆ ಪ್ರಮಾಣಪತ್ರ.

ಇಲ್ಲೊಂದು ಸೂಕ್ಷ್ಮವಿದೆ. ವಾರ್ಷಿಕ ವಿವರಪಟ್ಟಿಯಲ್ಲಿ ಕೊಡುವ ಷೇರುದಾರರ ಪಟ್ಟಿ ಮಾರ್ಚ್ 31ರಂದು ಇದ್ದ ಹಾಗೆ ಇರಬೇಕು. ಆ ದಿನ ರಿಜಿಸ್ಟರಿನಲ್ಲಿ ಇನ್ನೂ ತಂದೆಯ ಹೆಸರೇ ಇತ್ತು. ಆದ್ದರಿಂದ ಆ ವರ್ಷದ ಪಟ್ಟಿಯಲ್ಲಿ ಅವರ ಹೆಸರು ಬಂದರೆ ತಪ್ಪಲ್ಲ. ತಾಯಿಯ ಹೆಸರು ಮುಂದಿನ ವರ್ಷದ ಪಟ್ಟಿಗೆ ಬರುತ್ತದೆ. "ಹೇಗಿದ್ದರೂ ಅಮ್ಮನದೇ ಅಲ್ಲವೇ" ಎಂದು ಇದೇ ವರ್ಷದ ಪಟ್ಟಿಗೆ ತಾಯಿಯನ್ನು ಸೇರಿಸಿದರೆ, ಪಟ್ಟಿಯೊಂದು ಹೇಳುತ್ತದೆ, ರಿಜಿಸ್ಟರೊಂದು ಹೇಳುತ್ತದೆ.

ಈ ಪುಸ್ತಕಗಳು ಎಲ್ಲಿರಬೇಕು? ನೋಂದಾಯಿತ ಕಚೇರಿಯಲ್ಲಿ. ನಮ್ಮ ಉತ್ತರ ಬೆಂಗಳೂರಿನಲ್ಲಿ ಅದು ಬಹಳ ಸಲ ಬಾಡಿಗೆ ಮನೆ. ಮನೆ ಬದಲಾಯಿಸಿದರೆ 30 ದಿನದೊಳಗೆ ರಿಜಿಸ್ಟ್ರಾರರಿಗೆ ತಿಳಿಸಬೇಕು. ಆ ವಿಳಾಸದಲ್ಲಿ ಕಂಪನಿ ಇಲ್ಲ ಎಂಬ ಅನುಮಾನ ಬಂದರೆ ಸ್ಥಳಕ್ಕೇ ಬಂದು ನೋಡುವ ಅಧಿಕಾರ ರಿಜಿಸ್ಟ್ರಾರರಿಗೆ ಇದೆ. ಇನ್ನೊಂದು ಮಾತನ್ನು ಕನ್ನಡ ಸಭೆಯಲ್ಲಿ ನಿಂತು ಹೇಳಲೇಬೇಕು. ಕಂಪನಿಯ ಹೆಸರು ಮತ್ತು ವಿಳಾಸದ ಫಲಕ ಹೊರಗೆ ಇರಬೇಕು, ಅದು ಆ ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆಯ ಲಿಪಿಯಲ್ಲೂ ಇರಬೇಕು ಎಂದು ಕೇಂದ್ರದ ಕಂಪನಿ ಕಾಯ್ದೆಯ 12ನೇ ಸೆಕ್ಷನ್ನೇ ಹೇಳುತ್ತದೆ. ಫಲಕದಲ್ಲಿ ಕನ್ನಡ 60 ಪ್ರತಿಶತ ಇರಬೇಕೆಂಬ ರಾಜ್ಯದ ಕಾಯ್ದೆಯ ಬಗ್ಗೆ 2024ರಲ್ಲಿ ಎಷ್ಟೊಂದು ಚರ್ಚೆಯಾಯಿತು. ಆರ್.ಟಿ. ನಗರದ ಕಂಪನಿಗೆ ಕನ್ನಡ ಫಲಕದ ಹೊಣೆ ಅದಕ್ಕಿಂತ ಮುಂಚೆಯೇ ಇತ್ತು.

ಈಗ ಮಂಡಳಿ ಸಭೆ. ಸಾಮಾನ್ಯ ಕಂಪನಿ ವರ್ಷಕ್ಕೆ ನಾಲ್ಕು ಸಭೆ ನಡೆಸಬೇಕು, ಎರಡರ ನಡುವೆ 120 ದಿನ ಮೀರಬಾರದು. ಸಣ್ಣ ಕಂಪನಿಗೆ ರಿಯಾಯಿತಿ: ಕ್ಯಾಲೆಂಡರ್ ವರ್ಷದ ಪ್ರತಿ ಅರ್ಧದಲ್ಲೂ ಒಂದು ಸಭೆ ಸಾಕು. ಆದರೆ ಇಲ್ಲಿ ಅಂತರದ ನಿಯಮ ತಿರುಗುಮುರುಗು. ಎರಡರ ನಡುವೆ 90 ದಿನಕ್ಕಿಂತ ಕಡಿಮೆ ಇರಬಾರದು. ಎಡವುವುದು ಇಲ್ಲೇ. ಜೂನ್ 10ಕ್ಕೆ ಒಂದು ಸಭೆ, ಲೆಕ್ಕಪತ್ರ ಒಪ್ಪಲು ಆಗಸ್ಟ್ 28ಕ್ಕೆ ಇನ್ನೊಂದು. ಎರಡು ಅರ್ಧ, ಎರಡು ಸಭೆ, ಸರಿಯಾಯಿತು ಅನ್ನಿಸುತ್ತದೆ. ಎಣಿಸಿದರೆ 79 ದಿನ. ಹೀಗಾದರೆ ಡಿಸೆಂಬರಿನೊಳಗೆ ಮತ್ತೊಂದು ಸಭೆ ನಡೆಸಿ ಜೂನ್ ಸಭೆಗೆ ಅದನ್ನು ಜೋಡಿ ಮಾಡಿಕೊಳ್ಳುವುದು ರೂಢಿ. ನಡುವೆ ಹೆಚ್ಚಿನ ಸಭೆ ನಡೆಸಲು ಅಡ್ಡಿಯಿಲ್ಲ. ನಮ್ಮ ಕಂಪನಿ ಮೇ 22 ಮತ್ತು ಆಗಸ್ಟ್ 28 ಆರಿಸಿಕೊಂಡಿತು. ನಡುವೆ 98 ದಿನ.

ಮೇ 22ರ ಸಭೆ ಆರ್ಥಿಕ ವರ್ಷದ ಮೊದಲನೆಯದು. ಆ ಸಭೆಯಲ್ಲಿ ಪ್ರತಿ ನಿರ್ದೇಶಕರೂ ಬೇರೆ ಯಾವ ಕಂಪನಿ, ಸಂಸ್ಥೆಗಳಲ್ಲಿ ತಮಗೆ ಹಿತಾಸಕ್ತಿ ಇದೆ ಎಂದು ಎಂಬಿಪಿ-1ರಲ್ಲಿ ಬರೆದುಕೊಡಬೇಕು. ತಂಗಿಯ ಗಂಡನ ಸಂಸ್ಥೆಯಿಂದ ಕಚ್ಚಾ ಮಾಲು ಕೊಳ್ಳುತ್ತಿದ್ದರೆ ಅದು ಹೊರಬರುವುದು ಇಲ್ಲಿ. ಇನ್ನೊಂದು ವಿಷಯವನ್ನೂ ಇದೇ ಸಭೆಯಲ್ಲಿ ಎತ್ತಿಕೊಳ್ಳುವುದು ಒಳ್ಳೆಯದು. ಸಂಬಳಕ್ಕೆ ದುಡ್ಡು ಸಾಲದಾದಾಗ ಅಣ್ಣ ತನ್ನ ಉಳಿತಾಯದಿಂದ ಕಂಪನಿಗೆ ಹಣ ಹಾಕಿರುತ್ತಾನೆ. ನಿರ್ದೇಶಕರು ಕೊಟ್ಟ ಸಾಲ ಠೇವಣಿ ಎನಿಸಿಕೊಳ್ಳುವುದಿಲ್ಲ, ಆದರೆ ಅದು ತಾನು ಬೇರೆಯವರಿಂದ ಸಾಲ ಎತ್ತಿ ಕೊಟ್ಟದ್ದಲ್ಲ ಎಂದು ಅವರು ಲಿಖಿತವಾಗಿ ಹೇಳಿರಬೇಕು. ಮಾರ್ಚ್ 31ಕ್ಕೆ ಬಾಕಿಯಿರುವ ಇಂಥ ಹಣದ ವಿವರ ಜೂನ್ 30ರೊಳಗೆ ಡಿಪಿಟಿ-3ರಲ್ಲಿ ಹೋಗಬೇಕು. ಸಾಲ ಕೊಟ್ಟವರು ನಿರ್ದೇಶಕರಲ್ಲದ ಮಾವನೋ ಸ್ನೇಹಿತರೋ ಆಗಿದ್ದರೆ ವಿಷಯ ಗಂಭೀರ. ಅದು ಠೇವಣಿಯೇ ಆಗಿಬಿಡಬಹುದು.

ತಂಗಿ ಮೈಸೂರಿನಿಂದ ವಿಡಿಯೊ ಮೂಲಕ ಸೇರಬಹುದು. ಕೋರಂಗೂ ಲೆಕ್ಕಕ್ಕೆ ಬರುತ್ತಾಳೆ. ಲೆಕ್ಕಪತ್ರ ಒಪ್ಪುವಂಥ ವಿಷಯಗಳಿಗೆ ಮೊದಲು ವಿಡಿಯೊ ಸಭೆ ಸಲ್ಲುತ್ತಿರಲಿಲ್ಲ. 2021ರ ಜೂನಿನಲ್ಲಿ ಆ ನಿರ್ಬಂಧ ತೆಗೆದರು. ಮಂಡಳಿಯ ಕೋರಂ ಇಬ್ಬರಾದ್ದರಿಂದ, ಇಬ್ಬರೇ ನಿರ್ದೇಶಕರಿರುವ ಕಡೆ ಒಬ್ಬರು ತಪ್ಪಿದರೂ ಸಭೆಯಿಲ್ಲ. ಹನ್ನೆರಡು ತಿಂಗಳಲ್ಲಿ ಒಂದು ಸಭೆಗೂ ಬಾರದ ನಿರ್ದೇಶಕರ ಸ್ಥಾನ, ರಜೆ ಕೇಳಿದ್ದರೂ, ತಾನಾಗಿ ತೆರವಾಗುತ್ತದೆ.

ನಡಾವಳಿ ಪುಸ್ತಕದ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಹೇಳುವುದಿದೆ. ಸಭೆ ಮುಗಿದ 30 ದಿನದೊಳಗೆ ನಡಾವಳಿ ಪುಸ್ತಕಕ್ಕೆ ಏರಬೇಕು. ಪುಟಗಳಿಗೆ ಕ್ರಮಸಂಖ್ಯೆ, ಪ್ರತಿ ಪುಟಕ್ಕೂ ಅಧ್ಯಕ್ಷರ ಕಿರುಸಹಿ, ಕೊನೆಯ ಪುಟಕ್ಕೆ ಪೂರ್ಣ ಸಹಿ ಮತ್ತು ದಿನಾಂಕ. ಬೇರೆ ಹಾಳೆ ತಂದು ಅಂಟಿಸುವಂತಿಲ್ಲ. ಹಿಂದಿನ ದಿನಾಂಕದ ನಡಾವಳಿಯನ್ನು ನಡುವೆ ತೂರಿಸಲು ಜಾಗ ಸಿಗದಿರಲಿ ಎಂದೇ ಈ ಕಟ್ಟಳೆಗಳು. ನಡಾವಳಿಯನ್ನು ತಿದ್ದಿದ್ದು ಸಾಬೀತಾದರೆ ಎರಡು ವರ್ಷದವರೆಗೆ ಸೆರೆವಾಸದ ಶಿಕ್ಷೆ ಕಾಯ್ದೆಯಲ್ಲಿದೆ. ತಡವಾಗಿ ಸಲ್ಲಿಸಿದ ಫಾರಮಿಗೆ ದುಡ್ಡು ಕಟ್ಟಿದರೆ ಮುಗಿಯುತ್ತದೆ, ಇದು ಹಾಗಲ್ಲ. ಹನ್ನೆರಡು ತಿಂಗಳ ನಡಾವಳಿಯನ್ನು ಒಂದೇ ಮಧ್ಯಾಹ್ನ ಕೂತು ಬರೆದರೆ ಅದು ಗೊತ್ತಾಗಿಯೇ ಆಗುತ್ತದೆ. ಎಲ್ಲ ಸಭೆಗೂ ಒಂದೇ ಹೊತ್ತು, ಒಂದೇ ಒಕ್ಕಣೆ. ಭಾನುವಾರ ಬೆಳಿಗ್ಗೆ ನಡೆದ ಸಭೆ. ಆ ದಿನ ವಿದೇಶದಲ್ಲಿದ್ದ ನಿರ್ದೇಶಕರ 'ಖುದ್ದು' ಹಾಜರಿ. ಬ್ಯಾಂಕಿಗೆ ಕೊಟ್ಟ ನಿರ್ಣಯದ ಪ್ರತಿಯಲ್ಲಿ ಒಂದು ದಿನಾಂಕ, ಪುಸ್ತಕದಲ್ಲಿ ಇನ್ನೊಂದು.

ಇನ್ನು ಲೆಕ್ಕಪತ್ರ. ದಿನಾಂಕಗಳ ಸಾಲು ಬಿಗಿಯಾಗುವುದು ಇಲ್ಲಿ. ಅಕೌಂಟೆಂಟ್ ಲೆಕ್ಕ ಮುಗಿಸಿದರು, ಆಡಿಟರ್ ನೋಡಿದರು, ಬ್ಯಾಲೆನ್ಸ್ ಶೀಟ್ ಸಿದ್ಧವಾಯಿತು. ಆದರೆ ಆಡಿಟರ್ ತಮ್ಮ ವರದಿಗೆ ಸಹಿ ಹಾಕುವ ಮೊದಲು ಮಂಡಳಿ ಆ ಲೆಕ್ಕಪತ್ರವನ್ನು ತನ್ನದೆಂದು ಒಪ್ಪಿ ಸಹಿ ಹಾಕಿರಬೇಕು. ಲೆಕ್ಕದ ಹೊಣೆ ಮಂಡಳಿಯದು, ಅಭಿಪ್ರಾಯ ಮಾತ್ರ ಆಡಿಟರದು ಎಂಬ ತತ್ವ ಇದರ ಹಿಂದಿದೆ. ಈ ಒಪ್ಪಿಗೆಯನ್ನು ಕಾಗದ ಸುತ್ತಿಸಿ ಪಡೆಯುವಂತಿಲ್ಲ, ಸಭೆಯಲ್ಲೇ ಆಗಬೇಕು. ಆಗಸ್ಟ್ 28ರಂದು ನಮ್ಮ ಮಂಡಳಿ ಲೆಕ್ಕಪತ್ರವನ್ನೂ ಮಂಡಳಿಯ ವರದಿಯನ್ನೂ ಒಪ್ಪಿತು; ವಾರ್ಷಿಕ ಸಭೆಯ ದಿನ ಗೊತ್ತುಮಾಡಿತು. ಆಡಿಟರ್ 29ರಂದು ಸಹಿ ಹಾಕಿದರು. ಅವರ ಸಹಿಗೆ ಯುಡಿಐಎನ್ ಎಂಬ ಸಂಖ್ಯೆ ಅವರ ಸಂಸ್ಥೆಯ ಜಾಲತಾಣದಲ್ಲಿ ಹುಟ್ಟುತ್ತದೆ, ದಿನಾಂಕ ಅಲ್ಲಿ ದಾಖಲಾಗುತ್ತದೆ. ಆಡಿಟರ್ ಆಗಸ್ಟ್ 20ಕ್ಕೆ ಸಹಿ ಹಾಕಿ, ಮಂಡಳಿ 28ಕ್ಕೆ ಒಪ್ಪಿದ ಕಡತಗಳು ನಮ್ಮ ಮೇಜಿಗೆ ಬರುತ್ತವೆ. ಆಗ ತಪ್ಪು ತಾನೇ ಎದ್ದು ಕಾಣುತ್ತದೆ.

ಆ ವರ್ಷಕ್ಕೆ ಇನ್ನೊಂದು ವಿಶೇಷವಿತ್ತು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ, ಯಾವಾಗ ತಿದ್ದಿದ್ದು ಎಂಬುದರ ಸಮೇತ, ಉಳಿಯಬೇಕು. ಆ ಸೌಲಭ್ಯವನ್ನು ನಿಲ್ಲಿಸಲು ಬರಬಾರದು. ಅದು ಇಡೀ ವರ್ಷ ಚಾಲ್ತಿಯಲ್ಲಿತ್ತೇ ಎಂದು ಆಡಿಟರ್ ವರದಿಯಲ್ಲೇ ಹೇಳಬೇಕು. ಸಣ್ಣ ಕಂಪನಿಗೂ ಇದರಿಂದ ವಿನಾಯಿತಿ ಇಲ್ಲ. ಸೆಪ್ಟೆಂಬರಿನಲ್ಲಿ ಕೂತು ಕಳೆದ ಜೂನಿನ ನಮೂದನ್ನು ಬದಲಿಸಿದರೆ ಸೆಪ್ಟೆಂಬರಿನ ಗುರುತು ಉಳಿದೇ ಇರುತ್ತದೆ.

ವಾರ್ಷಿಕ ಸಭೆಗೆ ಪೂರ್ತಿ 21 ದಿನದ ನೋಟಿಸ್ ಬೇಕು. ಕಳಿಸಿದ ದಿನ, ಸಭೆಯ ದಿನ ಎರಡನ್ನೂ ಬಿಟ್ಟು ಎಣಿಸಬೇಕು. ಆಗಸ್ಟ್ 30ಕ್ಕೆ ಇಮೇಲಿನಲ್ಲಿ ಕಳಿಸಿ ಸೆಪ್ಟೆಂಬರ್ 25ರ ಬುಧವಾರ ಆರ್.ಟಿ. ನಗರದ ಮನೆಯಲ್ಲೇ ಸಭೆ. ಈ ಕಂಪನಿಯ ಮಟ್ಟಿಗೆ ಸೆಪ್ಟೆಂಬರ್ 30 ಕೊನೆಯ ದಿನವಾಗಿತ್ತು. ಕೋರಂಗೆ ಇಬ್ಬರು ಸದಸ್ಯರು ಖುದ್ದಾಗಿ ಬೇಕು, ಪ್ರತಿನಿಧಿಗಳು ಲೆಕ್ಕಕ್ಕೆ ಬರುವುದಿಲ್ಲ. ತಂದೆಯ ಷೇರು ಮೇ ತಿಂಗಳಲ್ಲೇ ತಾಯಿಯ ಹೆಸರಿಗೆ ಆಗಿದ್ದರ ಪ್ರಯೋಜನ ಇಲ್ಲಿ ಕಾಣುತ್ತದೆ. ತಂಗಿಗೆ ಆ ದಿನ ಮೈಸೂರಿನಿಂದ ಬರಲಾಗದಿದ್ದರೂ ಮನೆಯಲ್ಲೇ ಇರುವ ತಾಯಿ ಮತ್ತು ಅಣ್ಣ ಇಬ್ಬರಿಂದ ಸಭೆ ನಡೆಯುತ್ತದೆ. ಅಮ್ಮನ ಮುಂದೆ ಲಾಭ-ನಷ್ಟದ ತಖ್ತೆ ಇಟ್ಟು ವಿವರಿಸುವುದು ಕೇವಲ ಶಾಸ್ತ್ರ ಎಂದು ನನಗೆ ಎಂದೂ ಅನ್ನಿಸಿಲ್ಲ. ಐದರಲ್ಲೊಂದು ಪಾಲು ಅವರದು. ಕಂಪನಿಗೆ ಎಷ್ಟು ಸಾಲವಿದೆ ಎಂದು ಕೇಳುವ ಹಕ್ಕು ಅವರಿಗಿದೆ, ಮತ್ತು ಅವರು ಕೇಳುತ್ತಾರೆ.

ಸಭೆ ಮುಗಿದ ಮೇಲೆ ಫಾರಂ. ಲೆಕ್ಕಪತ್ರದ ಎಒಸಿ-4 ಸಭೆಯಿಂದ 30 ದಿನದಲ್ಲಿ, ಅಂದರೆ ಅಕ್ಟೋಬರ್ 25ರೊಳಗೆ. ವಾರ್ಷಿಕ ವಿವರಪಟ್ಟಿ, ಸಣ್ಣ ಕಂಪನಿಗಳಿಗೆಂದೇ ಇರುವ ಚಿಕ್ಕ ರೂಪದ ಎಂಜಿಟಿ-7ಎ, 60 ದಿನದಲ್ಲಿ, ಅಂದರೆ ನವೆಂಬರ್ 24ರೊಳಗೆ. ಸಭೆಯಲ್ಲಿ ಆಡಿಟರನ್ನು ಐದು ವರ್ಷಕ್ಕೆ ನೇಮಿಸಿದ್ದರೆ ಎಡಿಟಿ-1 ಹದಿನೈದು ದಿನದಲ್ಲಿ. 10 ಲಕ್ಷ ಬಂಡವಾಳದ ಕಂಪನಿಗೆ ಫಾರಂ ಒಂದಕ್ಕೆ ಶುಲ್ಕ 400 ರೂಪಾಯಿ. ಎಒಸಿ-4, ಎಂಜಿಟಿ-7ಎ ಎರಡಕ್ಕೂ ಸೇರಿ 800.

ತಡವಾದರೆ? 2018ರ ಜುಲೈನಿಂದ ಈ ಎರಡು ಫಾರಂಗಳಿಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಇಷ್ಟಕ್ಕೆ ನಿಲ್ಲುತ್ತದೆ ಎಂಬ ಮಿತಿಯಿಲ್ಲ. ನಮ್ಮ ಕಂಪನಿ ಎರಡನ್ನೂ 2025ರ ಮಾರ್ಚ್ 31ಕ್ಕೆ ಸಲ್ಲಿಸಿತು ಎಂದುಕೊಳ್ಳಿ. ಎಒಸಿ-4ಕ್ಕೆ 157 ದಿನ ತಡ, 15,700 ರೂಪಾಯಿ. ಎಂಜಿಟಿ-7ಎಗೆ 127 ದಿನ, 12,700. ಒಟ್ಟು 28,400. 800 ರೂಪಾಯಿಯ ಕೆಲಸಕ್ಕೆ ಇಷ್ಟು.

"ವಾರ್ಷಿಕ ಸಭೆಯೇ ಆಗಿಲ್ಲವಲ್ಲ, ಹಾಗಿದ್ದ ಮೇಲೆ ಗಡುವು ಎಲ್ಲಿಂದ ಶುರು?" ಎಂದು ಕೇಳುವವರಿದ್ದಾರೆ. ಸಭೆ ನಡೆಯದಿದ್ದರೆ, ನಡೆಯಬೇಕಿದ್ದ ಕೊನೆಯ ದಿನದಿಂದಲೇ ಎಣಿಕೆ ಶುರುವಾಗುತ್ತದೆ. ಏಕೆ ನಡೆಯಲಿಲ್ಲ ಎಂಬ ಕಾರಣವನ್ನೂ ಬರೆದು ಲೆಕ್ಕಪತ್ರ ಸಲ್ಲಿಸಬೇಕು. ಸಭೆ ನಡೆಸದೇ ಇದ್ದದ್ದು ಬೇರೆಯದೇ ಅಪರಾಧ. ಅದಕ್ಕೆ ದಂಡವೂ ಬೇರೆ, ರಾಜಿಯ ದಾರಿಯೂ ಬೇರೆ. ನಡೆಯದ ಸಭೆಗೆ 'ಒಂದು ಡೇಟ್' ಹಾಕಿದರೆ ಸಲ್ಲಿಕೆಯ ತಡ ಮುಚ್ಚಿದಂತೆ ಕಾಣಬಹುದು. ಆದರೆ ದಂಡ ಕಟ್ಟಿ ಮುಗಿಸಬಹುದಾದ ಲೋಪವೊಂದು ಅಲ್ಲಿಗೆ ಸುಳ್ಳು ಹೇಳಿಕೆಯಾಗಿ ಬದಲಾಗುತ್ತದೆ. ಸುಳ್ಳು ಹೇಳಿಕೆಗೆ ಇದೇ ಕಾಯ್ದೆಯಲ್ಲಿ ವಂಚನೆಯ ಶಿಕ್ಷೆ ಇದೆ.

ತಪ್ಪನ್ನು ತಾವಾಗಿ ಸರಿಪಡಿಸಿದವರಿಗೆ ಕಾಯ್ದೆ ಕಠಿಣವಾಗಿಲ್ಲ. ಈ ಎರಡು ಫಾರಂಗಳ ವಿಷಯದಲ್ಲಿ ತೀರ್ಪುಗಾರ ಅಧಿಕಾರಿಯ ನೋಟಿಸಿಗೆ ಮೊದಲೇ, ಅಥವಾ ನೋಟಿಸ್ ಹೊರಡಿಸಿದ 30 ದಿನದೊಳಗೆ, ಹೆಚ್ಚುವರಿ ಶುಲ್ಕ ಕಟ್ಟಿ ಸಲ್ಲಿಸಿಬಿಟ್ಟರೆ ಪ್ರತ್ಯೇಕ ದಂಡ ಹಾಕುವಂತಿಲ್ಲ. ದಂಡ ಬಂದರೂ ಸಣ್ಣ ಕಂಪನಿಗೆ ಅದು ಇತರರಿಗಿಂತ ಅರ್ಧವನ್ನು ಮೀರುವುದಿಲ್ಲ. ಇದು ತಿಳಿಯದೆ ಹೆದರಿ, ಸಲ್ಲಿಸುವುದನ್ನೇ ಬಿಟ್ಟು ಕೂತವರು ಅನೇಕರು. ಒಂದು ವರ್ಷ ಎರಡಾಗುತ್ತದೆ, ಎರಡು ಮೂರಾಗುತ್ತದೆ.

ಮೂರಾದಾಗ ಏನಾಗುತ್ತದೆ ಎಂಬುದನ್ನು ದೇಶ 2017ರಲ್ಲಿ ಕಂಡಿತು. ಸತತ ಮೂರು ವರ್ಷ ಲೆಕ್ಕಪತ್ರವನ್ನೋ ವಾರ್ಷಿಕ ವಿವರಪಟ್ಟಿಯನ್ನೋ ಸಲ್ಲಿಸದ ಕಂಪನಿಯ ನಿರ್ದೇಶಕರು ಐದು ವರ್ಷ ಅನರ್ಹರು ಎಂದು 164ನೇ ಸೆಕ್ಷನ್ ಹೇಳುತ್ತದೆ. ಆ ವರ್ಷ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ರಿಜಿಸ್ಟರಿನಿಂದ ಹೋಯಿತು, 3 ಲಕ್ಷಕ್ಕೂ ಹೆಚ್ಚು ನಿರ್ದೇಶಕರು ಅನರ್ಹರ ಪಟ್ಟಿಗೆ ಸೇರಿದರು. ಹೆಸರು ಹೋದ ಕಂಪನಿಗಳ ಬ್ಯಾಂಕ್ ಖಾತೆಗಳಿಗೂ ತಡೆ ಬಿತ್ತು. ಕರ್ನಾಟಕದಲ್ಲೂ ಅನರ್ಹರಾದ ಬಹಳ ಮಂದಿ ಹೈಕೋರ್ಟಿಗೆ ಹೋದರು. ಆ ಅರ್ಜಿಗಳನ್ನು ಒಟ್ಟಿಗೆ ಆಲಿಸಿ, ಯಶೋಧರಾ ಶ್ರಾಫ್ ಪ್ರಕರಣದಲ್ಲಿ, 2019ರ ಜೂನ್ 12ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ತೀರ್ಪು ಕೊಟ್ಟರು. ಅನರ್ಹತೆಯ ನಿಯಮ ಸಂವಿಧಾನಬದ್ಧವೇ ಎಂದು ಎತ್ತಿಹಿಡಿದರು. ಆದರೆ 1956ರ ಹಳೆಯ ಕಾಯ್ದೆಯಲ್ಲಿ ಈ ಅನರ್ಹತೆ ಪಬ್ಲಿಕ್ ಕಂಪನಿಗಳಿಗಷ್ಟೇ ಇತ್ತು. ಹಾಗಾಗಿ ಪ್ರೈವೇಟ್ ಕಂಪನಿಗಳ ಮಟ್ಟಿಗೆ 2014ರ ಏಪ್ರಿಲ್ 1ಕ್ಕಿಂತ ಹಿಂದಿನ ಲೋಪವನ್ನು ಸೇರಿಸಿ ಮೂರು ವರ್ಷ ಎಣಿಸುವಂತಿಲ್ಲ ಎಂದರು. ಹಾಗೆ ಎಣಿಸಿದ್ದ ಕಡೆ ಅನರ್ಹತೆ ರದ್ದಾಯಿತು. ಎಷ್ಟೋ ಸಣ್ಣ ಕುಟುಂಬ ಕಂಪನಿಗಳವರು ಉಳಿದದ್ದು ಹೀಗೆ. ಇವತ್ತು ಆ ಆಸರೆ ಇಲ್ಲ. ಈಗ ಎಣಿಸುವ ಮೂರು ವರ್ಷಗಳೂ ಹೊಸ ಕಾಯ್ದೆಯವೇ.

ಅನರ್ಹತೆಯ ಪೆಟ್ಟು ಒಂದು ಕಂಪನಿಗೇ ನಿಲ್ಲುವುದಿಲ್ಲ ಎಂಬುದನ್ನೂ ಗಮನಿಸಬೇಕು. ಯಲಹಂಕದಲ್ಲಿ ನಿಂತುಹೋದ ಹಳೆಯ ಕಂಪನಿಯೊಂದನ್ನು ಮರೆತವರು, ಹೆಬ್ಬಾಳದಲ್ಲಿ ಚೆನ್ನಾಗಿ ನಡೆಯುತ್ತಿರುವ ಹೊಸ ಕಂಪನಿಯ ನಿರ್ದೇಶಕ ಸ್ಥಾನವನ್ನೂ ಕಳೆದುಕೊಳ್ಳುತ್ತಾರೆ.

ನಿಮ್ಮ ಕಂಪನಿ ಎಲ್ಲಿ ನಿಂತಿದೆ ಎಂದು ತಿಳಿಯಲು ಕೋರಮಂಗಲದ ಕೇಂದ್ರೀಯ ಸದನಕ್ಕೆ, ರಿಜಿಸ್ಟ್ರಾರರ ಕಚೇರಿಗೆ, ಹೋಗಬೇಕಿಲ್ಲ. mca.gov.in ತಾಣದಲ್ಲಿ ಕಂಪನಿಯ ಮಾಸ್ಟರ್ ಡೇಟಾ ತೆರೆದರೆ ಕಡೆಯ ವಾರ್ಷಿಕ ಸಭೆಯ ದಿನಾಂಕ, ಕಡೆಯ ಬ್ಯಾಲೆನ್ಸ್ ಶೀಟಿನ ದಿನಾಂಕ, ಕಂಪನಿಯ ಸ್ಥಿತಿ ಮೂರೂ ಉಚಿತವಾಗಿ ಕಾಣುತ್ತವೆ. "ಎಲ್ಲಾ ಫೈಲ್ ಮಾಡಿದ್ದೀವಿ" ಎಂದು ಯಾರು ಹೇಳಿದರೂ ಆ ಎರಡು ದಿನಾಂಕ ನೋಡಿಯೇ ನಂಬಿ. ಜೊತೆಗೆ ನಿಮ್ಮ ಡಿಜಿಟಲ್ ಸಹಿಯ ಟೋಕನ್ ಯಾರ ಡ್ರಾಯರಿನಲ್ಲಿದೆ ಎಂದೂ ನೋಡಿಕೊಳ್ಳಿ. ಇಬ್ಬರು ನಿರ್ದೇಶಕರ ಟೋಕನ್ನೂ ಪಾಸ್‌ವರ್ಡೂ ಒಂದೇ ಕಚೇರಿಯಲ್ಲಿ ವರ್ಷಗಟ್ಟಲೆ ಬಿದ್ದಿರುವುದು ನಮ್ಮ ಊರಿನ ಕೆಟ್ಟ ರೂಢಿ. ಆ ಸಹಿಯಿಂದ ಲೆಕ್ಕಪತ್ರವನ್ನಷ್ಟೇ ಅಲ್ಲ, ನಿರ್ದೇಶಕರ ಬದಲಾವಣೆಯನ್ನೂ ಸಲ್ಲಿಸಬಹುದು.

ಹೆಸರು ಈಗಾಗಲೇ ತೆಗೆದುಹಾಕಲ್ಪಟ್ಟಿದ್ದರೆ ದಾರಿ ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯದು. ಗೆಜೆಟ್ ಪ್ರಕಟಣೆಯಿಂದ 20 ವರ್ಷದವರೆಗೆ ಕಂಪನಿಯೋ ಸದಸ್ಯರೋ ಸಾಲ ಕೊಟ್ಟವರೋ ಮರುಸೇರ್ಪಡೆ ಕೇಳಬಹುದು. ಹೆಸರು ಹೋದ ದಿನ ಕಂಪನಿ ವ್ಯವಹಾರ ನಡೆಸುತ್ತಿತ್ತು ಎಂದು ತೋರಿಸುವುದು ಅಲ್ಲಿ ಮುಖ್ಯ ವಾದ. ಅದಕ್ಕೆ ಸಾಕ್ಷಿ ಬ್ಯಾಂಕ್ ಖಾತೆಯ ವಿವರ, ಜಿಎಸ್‌ಟಿ ಮತ್ತು ಆದಾಯ ತೆರಿಗೆ ರಿಟರ್ನುಗಳು, ಷೆಡ್ಡಿನ ವಿದ್ಯುತ್ ಬಿಲ್ಲು, ಸಂಬಳದ ಪಟ್ಟಿ. ಆದೇಶ ಸಿಕ್ಕ ಮೇಲೆ 30 ದಿನದೊಳಗೆ ಅದರ ಪ್ರತಿಯನ್ನು ಐಎನ್‌ಸಿ-28ರೊಂದಿಗೆ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಅದಾದ ಮೇಲೆ ಬಾಕಿಯಿರುವ ಪ್ರತಿ ವರ್ಷದ ಲೆಕ್ಕಕ್ಕೂ ಆಡಿಟ್ ಮಾಡಿಸಿ, ಪ್ರತಿ ವರ್ಷಕ್ಕೂ ಎಒಸಿ-4, ಎಂಜಿಟಿ-7ಎ ಸಲ್ಲಿಸಬೇಕು. ಪೂರ್ತಿ ಒಂದು ವರ್ಷ ತಡವಾದ ಫಾರಂ ಒಂದಕ್ಕೆ ಹೆಚ್ಚುವರಿ ಶುಲ್ಕ 36,500 ರೂಪಾಯಿ. ಆ ಲೆಕ್ಕಪತ್ರಗಳ ಮೇಲೆ ಮಂಡಳಿ ಒಪ್ಪಿದ ದಿನ, ಆಡಿಟರ್ ಸಹಿ ಹಾಕಿದ ದಿನ ಎಂದು ಬರೆಯಬೇಕಾದದ್ದು ಅವು ನಿಜವಾಗಿ ನಡೆದ ದಿನಾಂಕಗಳನ್ನೇ, ಅವು ಎಷ್ಟೇ ತಡವಾಗಿದ್ದರೂ.